ಟ್ರೇಡ್ ಲೈಸೆನ್ಸ್, ಅಂಗಡಿ ನೋಂದಣಿ, ಅಗ್ನಿ ಸುರಕ್ಷತಾ ಪತ್ರ: ನನ್ನ ಬಳಿ ಇರುವ ಮೂರು ಕಾಗದಗಳು ಏನನ್ನು ರುಜುವಾತು ಮಾಡುತ್ತವೆ?

ವಿಜಯನಗರ ಕಾಂಡಿಮೆಂಟ್ಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುವ ಸಣ್ಣ ಅಂಗಡಿ ನಮ್ಮದು. ಮಾವನವರು ಆರಂಭಿಸಿದ್ದು, ಈಗ ನಾನು ನಡೆಸುತ್ತಿದ್ದೇನೆ. ಮೂರು ಅಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ ಇದೆ, ಮೇಲೆ ಸಂಸಾರಗಳು ಬಾಡಿಗೆಗೆ ಇವೆ. ಹೊರವರ್ತುಲ ರಸ್ತೆಯ ಕಚೇರಿಯೊಂದರ ಕ್ಯಾಂಟೀನಿನವರು ಪ್ರತಿ ವಾರ ತಿಂಡಿ ಪೂರೈಸಲು ಕೇಳಿದ್ದಾರೆ. ಅದಕ್ಕೆ ಮೊದಲು ಟ್ರೇಡ್ ಲೈಸೆನ್ಸ್, ಅಂಗಡಿ ನೋಂದಣಿ ಪತ್ರ ಮತ್ತು ಅಗ್ನಿ ಸುರಕ್ಷತಾ ಪತ್ರ ಕಳುಹಿಸಬೇಕಂತೆ.

ಮೂರೂ ನನ್ನ ಬಳಿ ಇವೆ ಎಂದೇ ಭಾವಿಸಿದ್ದೆ. ಕಳುಹಿಸಿದ ಮರುದಿನವೇ ಅವರು ಮೂರನ್ನೂ ಹಿಂದಿರುಗಿಸಿ, "ಇವು ನಾವು ಕೇಳಿದ್ದನ್ನು ತೋರಿಸುವುದಿಲ್ಲ" ಎಂದು ಒಂದೇ ಸಾಲು ಬರೆದರು. ಪ್ರತಿ ವರ್ಷ ಹಣ ಕಟ್ಟಿ ನವೀಕರಿಸಿಕೊಂಡು ಬಂದ ಕಾಗದಗಳಲ್ಲಿ ಏನು ಕೊರತೆಯಿದೆ ಎಂದು ತಿಳಿದವರು ದಯವಿಟ್ಟು ಹೇಳಿ.

ಪುಣೆಯಿಂದ ಬಂದವನು

ಮೇಡಂ, ಅವರು ಅನಗತ್ಯವಾಗಿ ಕೇಳುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೆ ನೋಂದಣಿಯೇ ಬೇಕಿಲ್ಲ. ನಾನು ಪುಣೆಯಲ್ಲಿ ಬೇಕರಿ ನಡೆಸುತ್ತಿದ್ದಾಗ ಕೇವಲ ಒಂದು ಮಾಹಿತಿ ಅರ್ಜಿ ಸಲ್ಲಿಸಿದ್ದೆ, ಅಷ್ಟೇ. ಅಗ್ನಿಶಾಮಕ ಇಲಾಖೆಯ ಪತ್ರವೂ ಎತ್ತರದ ಕಟ್ಟಡಗಳಿಗೆ ಮಾತ್ರ ಸಂಬಂಧಿಸಿದ್ದು. ನಿಮಗೆ ಬೇಕಿರುವುದು ಟ್ರೇಡ್ ಲೈಸೆನ್ಸ್ ಒಂದೇ, ಅದು ನಿಮ್ಮ ಬಳಿ ಇದೆ.

ಚಾಮರಾಜಪೇಟೆ ಅರ್ಜಿದಾರ

ಮೇಲಿನವರು ಹೇಳಿದ್ದು ಮಹಾರಾಷ್ಟ್ರಕ್ಕೆ ಸರಿ. ಅಲ್ಲಿ 2017ರ ಕಾಯ್ದೆ ಬಂದಾಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವವರು ಮಾಹಿತಿ ಕೊಟ್ಟರೆ ಸಾಕು ಎಂದಾಯಿತು. ಕರ್ನಾಟಕದಲ್ಲಿ ಈಗಲೂ ನಡೆಯುತ್ತಿರುವುದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ವ್ಯಾಪಾರ ಆರಂಭಿಸಿದ 30 ದಿನಗಳೊಳಗೆ ನಮೂನೆ ಎ ಯಲ್ಲಿ ಅರ್ಜಿ ಸಲ್ಲಿಸಬೇಕು, ನಿಮ್ಮ ಬಳಿ ಒಬ್ಬರೇ ಕೆಲಸಗಾರರಿದ್ದರೂ ಇದು ತಪ್ಪುವುದಿಲ್ಲ.

ನಾನು ಬಹಳ ವರ್ಷಗಳಿಂದ ಸಣ್ಣ ಅಂಗಡಿಗಳಿಗೆ ಇಂಥ ಅರ್ಜಿಗಳನ್ನು ತುಂಬಿಕೊಡುತ್ತಿದ್ದೇನೆ. ಅಂಗಡಿಯವರು "ಲೈಸೆನ್ಸ್ ಇದೆ" ಎನ್ನುವಾಗ ಕಾಗದ ಇದೆ ಎಂದಷ್ಟೇ ಹೇಳುತ್ತಿರುತ್ತಾರೆ, ಆ ಕಾಗದದ ಮುಖದ ಮೇಲೆ ಏನು ಬರೆದಿದೆ ಎಂಬುದನ್ನು ಓದಿರುವುದಿಲ್ಲ. ಆದ್ದರಿಂದ ತಾಯಿ, ಮೊದಲು ಮೂರು ಕಾಗದಗಳನ್ನೂ ಮುಂದಿಟ್ಟುಕೊಂಡು ಇಷ್ಟನ್ನು ಬರೆಯಿರಿ: ಹೆಸರು ಯಾರದು, ವಿಳಾಸ ಮತ್ತು ಜಾಗ ಎಷ್ಟು, ವ್ಯಾಪಾರದ ವಿವರಣೆ ಏನು, ವಿದ್ಯುತ್ ಮೋಟಾರಿನ ಪ್ರಮಾಣ ಎಷ್ಟು, ಕೆಲಸಗಾರರ ಸಂಖ್ಯೆ ಎಷ್ಟು, ಅವಧಿ ಎಂದು ಮುಗಿಯುತ್ತದೆ, ಕೆಳಗೆ ಸಹಿ ಮಾಡಿದವರು ಯಾರು. ಉತ್ತರ ಅದರಲ್ಲೇ ಇರುತ್ತದೆ.

ಮನೆಯಿಂದ ಹೊಲಿಗೆ

ನನ್ನದೂ ಇದೇ ಪ್ರಶ್ನೆ. ನಾನು ಮನೆಯಲ್ಲಿ ರವಿಕೆ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಜಿಎಸ್‌ಟಿ ಇದೆ, ಉದ್ಯಮ್ ನೋಂದಣಿಯೂ ಇದೆ. ಬ್ಯಾಂಕಿನವರು ಚಾಲ್ತಿ ಖಾತೆಯನ್ನೂ ತೆರೆದುಕೊಟ್ಟಿದ್ದಾರೆ. ಅಂದ ಮೇಲೆ ಸರ್ಕಾರಕ್ಕೆ ನನ್ನ ವ್ಯಾಪಾರ ಗೊತ್ತಿದೆ ಎಂದಾಯಿತಲ್ಲವೇ? ಮತ್ತೆ ಈ ಮೂರು ಏಕೆ?

ಚಾಮರಾಜಪೇಟೆ ಅರ್ಜಿದಾರ

ತೆರಿಗೆ ಇಲಾಖೆಗೆ ಗೊತ್ತಿದೆ, ನಿಜ. ಉದ್ಯಮ್ ನೋಂದಣಿ ನೀವೇ ಘೋಷಿಸಿಕೊಂಡದ್ದರ ಮೇಲೆ ಬರುತ್ತದೆ, ಅದನ್ನು ಕೊಡಲು ಯಾರೂ ನಿಮ್ಮ ಮನೆಗೆ ಬಂದು ನೋಡುವುದಿಲ್ಲ. ಬ್ಯಾಂಕಿಗೆ ಬೇಕಾದದ್ದು ಈ ಹೆಸರಿನ ವ್ಯಾಪಾರವೊಂದು ಇದೆ ಎಂಬ ಪುರಾವೆ ಮಾತ್ರ. ಆ ಜಾಗದಲ್ಲಿ ಆ ಕೆಲಸ ಮಾಡಲು ಪಾಲಿಕೆಯ ಅನುಮತಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಜಿಎಸ್‌ಟಿ ಸಂಖ್ಯೆ ಉತ್ತರ ಕೊಡುವುದಿಲ್ಲ. ಮನೆಯಿಂದ ನಡೆಸುವ ಹೊಲಿಗೆಯ ವಿಷಯವನ್ನು ಪ್ರತ್ಯೇಕವಾಗಿ ಕೇಳಿ ತಾಯಿ, ಇಲ್ಲಿ ಬೆರೆಸಿದರೆ ಇವರ ಪ್ರಶ್ನೆ ಹಿಂದೆ ಬೀಳುತ್ತದೆ.

ವಿಜಯನಗರ ಕಾಂಡಿಮೆಂಟ್ಸ್

ನೀವು ಹೇಳಿದಂತೆ ಓದಿದೆ. ಬರೆಯಲು ಸಂಕೋಚವಾಗುತ್ತಿದೆ, ಆದರೂ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಟ್ರೇಡ್ ಲೈಸೆನ್ಸ್ ಮಾವನವರ ಹೆಸರಿನಲ್ಲೇ ಇದೆ. ಅವರು ತೀರಿಕೊಂಡು ಮೂರು ವರ್ಷವಾಯಿತು, ಆನ್‌ಲೈನ್‌ನಲ್ಲಿ ಹಣ ಕಟ್ಟಿದಾಗಲೆಲ್ಲ ನವೀಕರಣವಾಗುತ್ತಿದ್ದುದರಿಂದ ನಾನು ಯೋಚಿಸಲಿಲ್ಲ. ವ್ಯಾಪಾರದ ವಿವರಣೆಯಲ್ಲಿ "ತಿಂಡಿ ತಿನಿಸುಗಳ ಮಾರಾಟ" ಎಂದಷ್ಟೇ ಇದೆ. ಜಾಗ 180 ಚದರ ಅಡಿ. ಮೋಟಾರಿನ ಅಂಕಣ ಖಾಲಿ. ಆದರೆ ಈಗ ಹಿಂಬದಿಯ 250 ಚದರ ಅಡಿಯ ಕೋಣೆಯನ್ನೂ ಬಾಡಿಗೆಗೆ ಪಡೆದು ಅಲ್ಲಿಯೇ ಕರಿಯುತ್ತೇವೆ, ಹಿಟ್ಟು ಬೀಸಲು 3 ಎಚ್‌ಪಿ ಯಂತ್ರ ಇದೆ.

ಅಂಗಡಿ ನೋಂದಣಿಯಲ್ಲಿ ಕೆಲಸಗಾರರು ಇಬ್ಬರು ಎಂದಿದೆ, ಈಗ ಆರು ಮಂದಿ ಇದ್ದಾರೆ. ಅವಧಿ ಕಳೆದ ಡಿಸೆಂಬರಿಗೇ ಮುಗಿದಿದೆ.

ಅಗ್ನಿ ಸುರಕ್ಷತಾ ಪತ್ರ ಎಂದು ನಾನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದ ಕಾಗದದ ಕೆಳಗೆ ಇರುವುದು ಅಗ್ನಿನಂದಕ ಮಾರಿದ ಅಂಗಡಿಯವರ ಸಹಿ ಮತ್ತು ಮೊಹರು.

ಚಾಮರಾಜಪೇಟೆ ಅರ್ಜಿದಾರ

ಸಂಕೋಚ ಬೇಡ ತಾಯಿ. ಹತ್ತು ಅಂಗಡಿಗಳ ಕಾಗದ ತೆಗೆದರೆ ಬಹುಪಾಲು ಹೀಗೆಯೇ ಇರುತ್ತವೆ.

ಮೊದಲು ಟ್ರೇಡ್ ಲೈಸೆನ್ಸ್. ಕಾಗದದಲ್ಲಿ ಉದ್ದಿಮೆ ಪರವಾನಗಿ ಎನ್ನುವುದು ಇದಕ್ಕೇ, ಪಾಲಿಕೆಯಲ್ಲಿ ಇದನ್ನು ನೋಡಿಕೊಳ್ಳುವುದು ಆರೋಗ್ಯ ವಿಭಾಗ. ಇಂತಹ ವ್ಯಕ್ತಿ, ಇಂತಹ ಜಾಗದಲ್ಲಿ, ಇಂತಹ ವ್ಯಾಪಾರವನ್ನು, ಮಾರ್ಚ್ 31ರವರೆಗೆ ನಡೆಸಬಹುದು ಎಂಬುದೇ ಅದರ ಸಾರ. ಆ ಮಾತುಗಳಲ್ಲಿ ಒಂದು ಬದಲಾದರೂ ಕಾಗದದ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ನಿಮ್ಮ ಕಾಗದದಲ್ಲಿರುವ ವ್ಯಕ್ತಿ ಇಂದು ಬದುಕಿಲ್ಲ. ಮುಂದಿನ 180 ಅಡಿಯಲ್ಲಿ ಮಾರುವುದಕ್ಕೆ ಮಾತ್ರ ಅನುಮತಿ ಇದೆ, ಹಿಂದಿನ ಕೋಣೆಯಲ್ಲಿ ತಯಾರಿಸುವುದಕ್ಕೆ ಇಲ್ಲ. ಕ್ಯಾಂಟೀನಿನವರು ಕೊಳ್ಳುತ್ತಿರುವುದು ನೀವು ತಯಾರಿಸಿದ ತಿಂಡಿ, ಆ ತಯಾರಿಕೆಯ ಬಗ್ಗೆ ಲೈಸೆನ್ಸ್ ಮೌನವಾಗಿದೆ. ಅವರು ಹಿಂದಿರುಗಿಸಿದ್ದರಲ್ಲಿ ಅನ್ಯಾಯವಿಲ್ಲ.

ನವೀಕರಣಕ್ಕೆ ಹಣ ಕಟ್ಟಿದ ರಸೀದಿ ಹಳೆಯ ವಿವರಗಳನ್ನೇ ಒಂದು ವರ್ಷ ಮುಂದಕ್ಕೆ ತಳ್ಳುತ್ತದೆ, ಸರಿಪಡಿಸುವುದಿಲ್ಲ. ನಿಮ್ಮ ಹೆಸರಿನಲ್ಲಿ ಹೊಸ ಅರ್ಜಿಯನ್ನೇ ಹಾಕಿ. ಬಾಡಿಗೆ ಕರಾರಿನಲ್ಲಿ ಎರಡೂ ಕೋಣೆಗಳು ಸೇರಿರಲಿ, ತಯಾರಿಕೆ ಮತ್ತು ಮಾರಾಟ ಎರಡನ್ನೂ ಬರೆಯಿರಿ, ಮೋಟಾರಿನ 3 ಎಚ್‌ಪಿ ಯನ್ನು ಮುಚ್ಚಿಡಬೇಡಿ. ಶುಲ್ಕ ಹೆಚ್ಚುತ್ತದೆಂದು ಅನೇಕರು ಅದನ್ನು ಬಿಟ್ಟುಬಿಡುತ್ತಾರೆ, ತೊಂದರೆ ಬಂದ ದಿನ ಮೊದಲು ಬೆರಳು ಹೋಗುವುದು ಆ ಖಾಲಿ ಅಂಕಣಕ್ಕೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ಆದ್ದರಿಂದ ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಂಡೇ ಅರ್ಜಿ ಹಾಕಿ.

ಇನ್ನು ಅಂಗಡಿ ನೋಂದಣಿ. ಇದು ಪಾಲಿಕೆಯದಲ್ಲ, ಕಾರ್ಮಿಕ ಇಲಾಖೆಯದು. ಕಾರ್ಮಿಕ ನಿರೀಕ್ಷಕರು ನಮೂನೆ ಸಿ ಯಲ್ಲಿ ಕೊಡುವ ಈ ಪತ್ರ ಐದು ವರ್ಷ ನಡೆಯುತ್ತದೆ. ಇಲ್ಲೊಬ್ಬ ಮಾಲೀಕರಿದ್ದಾರೆ, ಅವರ ಬಳಿ ಇಷ್ಟು ಜನ ಕೆಲಸ ಮಾಡುತ್ತಾರೆ ಎಂಬುದು ಇಲಾಖೆಯ ಪುಸ್ತಕದಲ್ಲಿದೆ ಎಂದು ಅದು ಹೇಳುತ್ತದೆ. ಜಾಗ ವ್ಯಾಪಾರಕ್ಕೆ ಯೋಗ್ಯ ಎಂದಾಗಲಿ, ಕೆಲಸಗಾರರಿಗೆ ವಾರದ ರಜೆ ಸಿಗುತ್ತಿದೆ ಎಂದಾಗಲಿ, ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುತ್ತಿಲ್ಲ ಎಂದಾಗಲಿ ಅದು ಸಾಬೀತು ಮಾಡುವುದಿಲ್ಲ, ಅದಕ್ಕೆ ಹಾಜರಿ ಮತ್ತು ಸಂಬಳದ ಪುಸ್ತಕಗಳನ್ನು ನೋಡಬೇಕು. ಮಾಲೀಕರು ಬದಲಾದಾಗಲೂ ಕೆಲಸಗಾರರ ಸಂಖ್ಯೆ ಬದಲಾದಾಗಲೂ ನಮೂನೆ ಬಿ ಯಲ್ಲಿ ತಿಳಿಸಬೇಕಿತ್ತು. ನಿಮ್ಮ ಅವಧಿಯೇ ಮುಗಿದಿರುವುದರಿಂದ, ನಿಮ್ಮ ಹೆಸರಿನಲ್ಲಿ, ಆರು ಮಂದಿಯನ್ನೂ ತೋರಿಸಿ ಹೊಸದಾಗಿ ಮಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅಗ್ನಿಯ ವಿಷಯವನ್ನು ನನಗಿಂತ ತಿಳಿದವರು ಹೇಳಲಿ.

ಚಿಕ್ಕಪೇಟೆ ಬಟ್ಟೆ ವ್ಯಾಪಾರಿ

ನನ್ನ ಅನುಭವವನ್ನು ಸೇರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮಳಿಗೆಯ ಮೇಲಿನ ಅಟ್ಟದಲ್ಲಿ ವಿದ್ಯುತ್ ಶಾರ್ಟ್ ಆಗಿ ಬಟ್ಟೆಯ ಕಟ್ಟುಗಳು ಸುಟ್ಟವು. ವಿಮೆ ಇತ್ತು, ಲೈಸೆನ್ಸ್ ಚಾಲ್ತಿಯಲ್ಲಿತ್ತು. ಪರಿಶೀಲನೆಗೆ ಬಂದವರು ಲೈಸೆನ್ಸನ್ನು ಓದಿ, "ಇಲ್ಲಿ ಬಟ್ಟೆ ಮಾರಾಟ ಎಂದಿದೆ, ಆದರೆ ಬೆಂಕಿ ಹತ್ತಿದ ಅಟ್ಟದಲ್ಲಿ ನಾಲ್ಕು ಹೊಲಿಗೆ ಯಂತ್ರಗಳಿದ್ದವು, ಅದನ್ನು ವಿಮೆ ಮಾಡಿಸುವಾಗ ತಿಳಿಸಿದ್ದಿರಾ?" ಎಂದು ಕೇಳಿದರು. ನಾವು ತಿಳಿಸಿರಲಿಲ್ಲ. ತಿಂಗಳುಗಟ್ಟಲೆ ಓಡಾಡಿದ ಮೇಲೆ ಹಣದ ಒಂದು ಭಾಗ ಮಾತ್ರ ಬಂತು. ನಾನು ಆ ಕಾಗದವನ್ನು ಹನ್ನೊಂದು ವರ್ಷ ಗೋಡೆಯ ಮೇಲೆ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ಮೇಡಂ, ನೀವೂ ವಿಮೆ ಮಾಡಿಸಿದ್ದರೆ ಆ ಪಾಲಿಸಿಯನ್ನೂ ತೆಗೆದು ಓದಿ.

ನಿವೃತ್ತ ಅಗ್ನಿಶಾಮಕ

ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ತಂಗಿಯವರೇ, ನಿಮ್ಮ ಚೌಕಟ್ಟಿನ ಕಾಗದದ ಬಗ್ಗೆ ಮೊದಲು ಹೇಳುತ್ತೇನೆ. ಇಂತಿಷ್ಟು ಕಿಲೋ ಪುಡಿಯ ಅಗ್ನಿನಂದಕವನ್ನು ಇಂತಹ ದಿನ ತುಂಬಿಸಲಾಗಿದೆ ಎಂಬುದೊಂದನ್ನೇ ಅದು ಹೇಳುತ್ತದೆ. ಅದು ಸುಳ್ಳು ಕಾಗದವೇನೂ ಅಲ್ಲ, ನಾಳೆ ತಪಾಸಣೆಗೆ ಯಾರಾದರೂ ಬಂದರೆ ಬೇಕಾಗುತ್ತದೆ, ಜೋಪಾನವಾಗಿಡಿ. ಆದರೆ ಅದನ್ನು ಸುರಕ್ಷತಾ ಪತ್ರ ಎಂದು ಕರೆಯುವುದು ತಪ್ಪು, ಕೆಲವು ಮಾರಾಟಗಾರರು ದೊಡ್ಡ ಅಕ್ಷರದಲ್ಲಿ ಹಾಗೆ ಮುದ್ರಿಸುವುದು ಇನ್ನೂ ದೊಡ್ಡ ತಪ್ಪು.

ಇಲಾಖೆ ಕೊಡುವ ಪತ್ರ ಮುಖ್ಯವಾಗಿ ಕಟ್ಟಡಕ್ಕೆ ಸಂಬಂಧಿಸಿದ್ದು. ಎತ್ತರದ ಕಟ್ಟಡವಾದರೆ ಕಟ್ಟುವ ಮೊದಲು ನಿರಾಕ್ಷೇಪಣಾ ಪತ್ರ, ಕಟ್ಟಿ ಮುಗಿಸಿ ಒಳಗೆ ಹೋಗುವ ಮೊದಲು ಇನ್ನೊಂದು ತಪಾಸಣೆ ಮತ್ತು ಪತ್ರ. ಮೆಟ್ಟಿಲು, ನೀರಿನ ತೊಟ್ಟಿ, ಪಂಪು, ಹೊಗೆ ಹೊರಹೋಗುವ ದಾರಿ ಇವೆಲ್ಲ ಆ ದಿನ ಇದ್ದವು ಎಂದು ಅದು ಹೇಳುತ್ತದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತಾಗ, ಮೆಟ್ಟಿಲು ಇದ್ದರೆ ಸಾಲದು, ಅದರ ದಾರಿ ಪ್ರತಿದಿನ ತೆರೆದಿರಬೇಕು ಎಂಬುದನ್ನು ಈ ಊರು ಬಹಳ ದೊಡ್ಡ ಬೆಲೆ ಕೊಟ್ಟು ಕಲಿಯಿತು. ಪತ್ರದ ಮೇಲಿನ ದಿನಾಂಕದ ಮರುದಿನ ಮೆಟ್ಟಿಲಿಗೆ ಬೀಗ ಹಾಕಿದರೆ ಪತ್ರಕ್ಕೆ ಅದು ತಿಳಿಯುವುದಿಲ್ಲ.

ನಿಮ್ಮ ಮೂರು ಅಂತಸ್ತಿನ ಕಟ್ಟಡ ಆ ವರ್ಗಕ್ಕೆ ಬರಲಾರದು. ಹಾಗೆಂದು ಕ್ಯಾಂಟೀನಿನವರ ಪ್ರಶ್ನೆ ಬಿದ್ದುಹೋಗುವುದಿಲ್ಲ. ಕರಿಯುವ ಕೋಣೆಯಲ್ಲಿ ಎಷ್ಟು ಗ್ಯಾಸ್ ಸಿಲಿಂಡರ್‌ಗಳಿವೆ? ಆ ಕೋಣೆಗೆ ಎಷ್ಟು ಬಾಗಿಲುಗಳಿವೆ? ರಾತ್ರಿ ಅಂಗಡಿಯಲ್ಲಿ ಯಾರಾದರೂ ಮಲಗುತ್ತಾರೆಯೇ?

ಜಯನಗರ ಕಟ್ಟಡ ಗುತ್ತಿಗೆದಾರ

ಸರ್, ಎತ್ತರದ ಮಿತಿ ಎಷ್ಟು ಎಂಬುದನ್ನು ಸ್ಪಷ್ಟವಾಗಿ ಹೇಳಿ. 15 ಮೀಟರ್ ಎಂದು ಕೆಲವರು, 21 ಮೀಟರ್ ಎಂದು ಕೆಲವರು ಹೇಳುತ್ತಾರೆ. ನನ್ನ ಒಬ್ಬ ಗ್ರಾಹಕರಿಗೆ ಇದರಿಂದಲೇ ಎರಡು ಬಾರಿ ಕಡತ ಹಿಂದಿರುಗಿದೆ.

ನಿವೃತ್ತ ಅಗ್ನಿಶಾಮಕ

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಮತ್ತು ಅದಕ್ಕಿಂತ ಮೇಲ್ಪಟ್ಟದ್ದು ಎತ್ತರದ ಕಟ್ಟಡ. 21ರ ಮಾತು ರಾಜ್ಯದ ನಿಯಮಗಳಿಂದ ಬಂದದ್ದು. ನಿಮ್ಮ ಗ್ರಾಹಕರ ನಕ್ಷೆ ಯಾವ ವರ್ಷ ಮಂಜೂರಾಯಿತು, ಕಟ್ಟಡದ ಬಳಕೆ ಏನು ಎಂಬುದನ್ನು ನೋಡದೆ ನಾನು ಇಲ್ಲಿ ಒಂದು ಅಂಕಿ ಹೇಳಿದರೆ ಮೂರನೆಯ ಬಾರಿಯೂ ಕಡತ ಹಿಂದಿರುಗಬಹುದು. ಪ್ರಾದೇಶಿಕ ಅಗ್ನಿಶಾಮಕ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಪಟಾಕಿ ದಾಸ್ತಾನಿನಂಥ ವ್ಯಾಪಾರಕ್ಕೆ ಎತ್ತರ ಎಷ್ಟೇ ಇರಲಿ ಇಲಾಖೆಯ ನಿರಾಕ್ಷೇಪಣೆ ಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ.

ವಿಜಯನಗರ ಕಾಂಡಿಮೆಂಟ್ಸ್

19 ಕಿಲೋದ ಸಿಲಿಂಡರ್‌ಗಳು ಸಾಮಾನ್ಯವಾಗಿ ನಾಲ್ಕು ಇರುತ್ತವೆ, ದೀಪಾವಳಿ ಮತ್ತು ಗೌರಿ ಹಬ್ಬದ ಹೊತ್ತಿಗೆ ಏಳು. ಹಿಂದಿನ ಕೋಣೆಗೆ ಒಂದೇ ಬಾಗಿಲು, ಅದು ಅಂಗಡಿಯೊಳಕ್ಕೆ ತೆರೆಯುತ್ತದೆ. ಹಾಸನದ ಕಡೆಯ ಇಬ್ಬರು ಹುಡುಗರು ಅಂಗಡಿಯ ಅಟ್ಟದ ಮೇಲೆ ಮಲಗುತ್ತಾರೆ. ಕಳ್ಳರ ಭಯಕ್ಕೆ ರಾತ್ರಿ ಹೊರಗಿನಿಂದ ಷಟರ್‌ಗೆ ಬೀಗ ಹಾಕುತ್ತೇವೆ.

ನಿವೃತ್ತ ಅಗ್ನಿಶಾಮಕ

ತಂಗಿಯವರೇ, ಕಾಗದದ ಮಾತನ್ನು ಪಕ್ಕಕ್ಕಿಟ್ಟು ಇಂದು ರಾತ್ರಿಯೇ ಆ ಬೀಗವನ್ನು ತೆಗೆಸಿ. 2018ರ ಜನವರಿ 8ರಂದು ಕಲಾಸಿಪಾಳ್ಯದ ಬಳಿ ಬಾರ್ ಒಂದರೊಳಗೆ ಮಲಗಿದ್ದ ಐವರು ಕೆಲಸಗಾರರು ಬೆಳಗಿನ ಜಾವದ ಬೆಂಕಿಯಲ್ಲಿ ಸತ್ತರು. ನಿದ್ದೆಯಲ್ಲಿರುವವರನ್ನು ಉರಿಗಿಂತ ಮೊದಲು ಹೊಗೆ ಮುಟ್ಟುತ್ತದೆ, ಹೊಗೆ ಮೇಲಕ್ಕೆ ಏರುವುದರಿಂದ ಅಟ್ಟ ಮೊದಲು ತುಂಬುತ್ತದೆ. ಆ ಹುಡುಗರಿಗೆ ಬೇರೆ ಕಡೆ ಕೋಣೆ ಮಾಡಿಕೊಡಿ. ಅದು ಆಗುವವರೆಗೆ ಅವರು ಒಳಗಿರುವಾಗ ಹೊರಗಿನ ಬೀಗ ಬೇಡವೇ ಬೇಡ.

ಸಿಲಿಂಡರ್‌ಗಳ ವಿಷಯದಲ್ಲಿ ಒಂದು ಲೆಕ್ಕ ಇದೆ. ಪ್ರತ್ಯೇಕ ಪರವಾನಗಿಯಿಲ್ಲದೆ ಒಂದೆಡೆ ಇಡಬಹುದಾದ ಎಲ್‌ಪಿಜಿ 100 ಕಿಲೋ. ಐದು ಸಿಲಿಂಡರ್ ಎಂದರೆ 95, ಅಲ್ಲಿಗೆ ಮುಗಿಯಿತು. ನಿಮ್ಮ ಹಬ್ಬದ ಏಳು 133 ಕಿಲೋ ಆಗುತ್ತವೆ. ಆ ದಿನಗಳಲ್ಲಿ ಹೆಚ್ಚು ಬಾರಿ ತರಿಸಿಕೊಳ್ಳಿ, ಹೆಚ್ಚು ಕೂಡಿಡಬೇಡಿ.

ಮೂರನೆಯದು ಎಣ್ಣೆ. ನಿಮ್ಮ ಬಳಿ ಇರುವ ಪುಡಿಯ ಅಗ್ನಿನಂದಕ ಬಾಣಲೆಯ ಉರಿಯನ್ನು ಕ್ಷಣಕಾಲ ಆರಿಸುತ್ತದೆ, ಆದರೆ ಎಣ್ಣೆಯ ಕಾವು ಇಳಿಯದ ಕಾರಣ ಅದು ಮತ್ತೆ ಹೊತ್ತಿಕೊಳ್ಳಬಹುದು. ಕರಿಯುವ ಅಡುಗೆಮನೆಗೆಂದೇ ದ್ರವರೂಪದ ರಾಸಾಯನಿಕ ಇರುವ ಅಗ್ನಿನಂದಕ ಸಿಗುತ್ತದೆ, ಎಣ್ಣೆಯ ಮೇಲೆ ಪದರ ಕಟ್ಟಿ ಕಾವನ್ನೂ ಇಳಿಸುತ್ತದೆ. ಅದೊಂದನ್ನು ಬಾಗಿಲಿನ ಬಳಿ ಇಡಿ, ಒಲೆಯ ಹಿಂದೆ ಇಟ್ಟರೆ ಉರಿ ದಾಟಿ ತೆಗೆಯಬೇಕಾಗುತ್ತದೆ. ಆರು ಮಂದಿಗೂ ಹೇಳಿಕೊಡಿ: ಮೊದಲು ಗ್ಯಾಸ್ ಮುಚ್ಚುವುದು, ಬಾಣಲೆಗೆ ಮುಚ್ಚಳ ಹಾಕುವುದು, ಎಣ್ಣೆಗೆ ಯಾವ ಕಾರಣಕ್ಕೂ ನೀರು ಹಾಕದಿರುವುದು.

ಪುಣೆಯಿಂದ ಬಂದವನು

ನನ್ನ ಮೊದಲ ಉತ್ತರದಲ್ಲಿ ರಾಜ್ಯವನ್ನು ಗಮನಿಸದೆ ಬರೆದದ್ದು ತಪ್ಪಾಯಿತು. ಆದರೂ ಒಂದು ಪ್ರಶ್ನೆ ಉಳಿದಿದೆ. ಇಲಾಖೆ ಇಂತಹ ಸಣ್ಣ ಕಟ್ಟಡಕ್ಕೆ ಪತ್ರ ಕೊಡುವುದಿಲ್ಲವೆಂದಾದರೆ, ಇವರು ಕ್ಯಾಂಟೀನಿನವರಿಗೆ ಏನನ್ನು ಕೊಡಬೇಕು? ಇಲ್ಲದ ಪತ್ರವನ್ನು ಕೇಳಿದರೆ ದಲ್ಲಾಳಿಗಳು ಅದನ್ನೇ ಎಲ್ಲಿಂದಲಾದರೂ ಹುಟ್ಟಿಸುತ್ತಾರೆ.

ನಿವೃತ್ತ ಅಗ್ನಿಶಾಮಕ

ನೀವು ಹೇಳಿದ್ದು ಸರಿ, ಹಾಗೆ ಹುಟ್ಟಿದ ಪತ್ರಗಳನ್ನು ನಾನೂ ಕಂಡಿದ್ದೇನೆ. ಪ್ರಾದೇಶಿಕ ಕಚೇರಿಗೆ ಕಟ್ಟಡದ ಎತ್ತರ, ಬಳಕೆ ಮತ್ತು ಗ್ಯಾಸ್ ಪ್ರಮಾಣ ಬರೆದು, ಇಲಾಖೆಯ ಪತ್ರ ಬೇಕೇ ಬೇಡವೇ ಎಂದು ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಂದ ಉತ್ತರವನ್ನು ಖರೀದಿದಾರರಿಗೆ ಕೊಡಿ. ಜೊತೆಗೆ ಅಗ್ನಿನಂದಕಗಳ ಪಟ್ಟಿ, ಸಿಲಿಂಡರ್‌ಗಳನ್ನು ಇಟ್ಟ ಜಾಗದ ಚಿತ್ರ, ಹೊರಹೋಗುವ ದಾರಿಯ ಚಿತ್ರ ಇವನ್ನು ಇದ್ದಂತೆ ಕಳುಹಿಸಿ, ಬಂದು ನೋಡಿ ಎಂದು ಕರೆಯಿರಿ.

ವಿಜಯನಗರ ಕಾಂಡಿಮೆಂಟ್ಸ್

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹುಡುಗರಿಬ್ಬರಿಗೂ ಪಕ್ಕದ ಬೀದಿಯಲ್ಲಿ ಕೋಣೆ ಸಿಕ್ಕಿದೆ, ಬಾಡಿಗೆ ನಾವೇ ಕೊಡುತ್ತೇವೆ. ಆ ರಾತ್ರಿಯಿಂದ ಹೊರಗಿನ ಬೀಗ ಹಾಕಿಲ್ಲ. ಕಾರ್ಮಿಕ ಇಲಾಖೆಗೆ ಆರು ಮಂದಿಯ ಹೆಸರು ಬರೆದು ನನ್ನ ಹೆಸರಿನಲ್ಲಿ ಅರ್ಜಿ ಸಲ್ಲಿಸಿದ್ದೇನೆ. ಅಗ್ನಿಶಾಮಕ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಕ್ಯಾಂಟೀನಿನವರಿಗೆ ಯಾವುದು ಇದೆ, ಯಾವುದು ಇಲ್ಲ ಎಂದು ನೇರವಾಗಿ ಬರೆದೆ. ಮುಂದಿನ ವಾರ ಅವರ ಸುರಕ್ಷತಾ ಅಧಿಕಾರಿ ಬಂದು ನೋಡುತ್ತಾರಂತೆ.

ಟ್ರೇಡ್ ಲೈಸೆನ್ಸ್ ಮಾತ್ರ ನಿಂತಿದೆ. ಹಿಂದಿನ ಕೋಣೆಯನ್ನು ಕರಾರಿನಲ್ಲಿ ಸೇರಿಸಲು ಮನೆ ಮಾಲೀಕರು ಒಪ್ಪುತ್ತಿಲ್ಲ. ಒತ್ತಾಯಿಸಿದಾಗ ಮಂಜೂರಾದ ನಕ್ಷೆಯನ್ನು ತೋರಿಸಿದರು, ಅದರಲ್ಲಿ ಆ ಕೋಣೆ ಕಾರು ನಿಲ್ಲಿಸುವ ಜಾಗ. ವಾಣಿಜ್ಯ ಬಳಕೆ ಎಂದು ಬರೆದರೆ ಆಸ್ತಿ ತೆರಿಗೆಯೂ ಹೆಚ್ಚುತ್ತದೆ, ನಕ್ಷೆಯ ಉಲ್ಲಂಘನೆಯೂ ಹೊರಬರುತ್ತದೆ ಎಂಬುದು ಅವರ ಚಿಂತೆ. ಮುಂದಿನ ಕೋಣೆಗೆ ಮಾತ್ರ ನನ್ನ ಹೆಸರಿನಲ್ಲಿ ಲೈಸೆನ್ಸ್ ಪಡೆದರೆ ಸಾಕಾಗುವುದಿಲ್ಲವೇ?

ಚಾಮರಾಜಪೇಟೆ ಅರ್ಜಿದಾರ

ಮುಂದಿನ ಕೋಣೆಗೆ ಪಡೆಯಿರಿ, ಅದು ಸತ್ಯವಾದ ಲೈಸೆನ್ಸ್ ಆಗುತ್ತದೆ, ಮಾರಾಟಕ್ಕೆ ಸಲ್ಲುತ್ತದೆ. ಆದರೆ ಅದನ್ನು ತಯಾರಿಕೆಯ ಲೈಸೆನ್ಸ್ ಎಂದು ಕ್ಯಾಂಟೀನಿನವರಿಗೆ ಕೊಡಬೇಡಿ. ಕಾರು ನಿಲ್ಲಿಸುವ ಜಾಗಕ್ಕೆ ತಯಾರಿಕೆಯ ಅನುಮತಿ ಕೇಳಿದರೆ ತಿರಸ್ಕಾರವಾಗುವ ಸಾಧ್ಯತೆಯೇ ಹೆಚ್ಚು, ಅದಕ್ಕೆ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಕರಿಯುವ ಕೆಲಸವನ್ನು ಕಾಮಾಕ್ಷಿಪಾಳ್ಯದ ಕಡೆಯ ಶೆಡ್ಡಿಗೆ ಸಾಗಿಸಿದರೆ ಬಾಡಿಗೆ ಎಷ್ಟಾಗುತ್ತದೆ, ಈ ಆರ್ಡರ್ ಅದನ್ನು ಹೊರುತ್ತದೆಯೇ ಎಂದು ಲೆಕ್ಕ ಹಾಕಿದ್ದೀರಾ?

ವಿಜಯನಗರ ಕಾಂಡಿಮೆಂಟ್ಸ್

ನಿನ್ನೆ ಒಂದು ಶೆಡ್ ನೋಡಿ ಬಂದೆ. ಎರಡು ಬಾಗಿಲುಗಳಿವೆ, ನಕ್ಷೆಯ ಪ್ರತಿ ಕೇಳಿದ್ದೇನೆ. ಈ ಒಂದೇ ಆರ್ಡರ್ ಆ ಬಾಡಿಗೆಯನ್ನು ಹೊರುವುದಿಲ್ಲ, ಇನ್ನೆರಡು ಸಿಕ್ಕರೆ ಹೊರಬಹುದು. ನಕ್ಷೆ ಕೈಗೆ ಬಂದ ಮೇಲೆ ಅದರಲ್ಲಿ ಏನಿದೆ ಎಂದು ಇಲ್ಲಿಯೇ ಬರೆಯುತ್ತೇನೆ.